ಚಿಕ್ಕ ಅಂಗಡಿಗೆ ಕ್ಯೂಆರ್ ಲೇಬಲ್: ಒಳಗೆ ಏನಿರಬೇಕು, ಎಷ್ಟು ದೊಡ್ಡದಿರಬೇಕು

ಪ್ರಶ್ನೆ: ನಮ್ಮದು ಹಾರ್ಡ್‌ವೇರ್, ಪ್ಲಂಬಿಂಗ್ ಸಾಮಾನಿನ ಚಿಕ್ಕ ಅಂಗಡಿ. ಸುಮಾರು 700 ಬಗೆ ಸಾಮಾನಿದೆ, ಅರ್ಧಕ್ಕರ್ಧ ಬಿಡಿ ಮಾಲು. ಬೇರೆ ಸ್ಕ್ಯಾನರ್ ಕೊಳ್ಳದೆ ಫೋನಲ್ಲೇ ಸ್ಕ್ಯಾನ್ ಮಾಡೋ ಹಾಗೆ ಲೇಬಲ್ ಮಾಡ್ಕೋಬೇಕು. ಬಾರ್‌ಕೋಡಾ, ಕ್ಯೂಆರಾ? ಹೇಗೆ ಡಿಸೈನ್ ಮಾಡೋದು?

ಉತ್ತರ:

ಕಂಪನಿ ಪ್ಯಾಕಿನ ಮೇಲೆ ಮೊದಲೇ ಬಾರ್‌ಕೋಡ್ ಇರುವ ಮಾಲಿಗೆ ಹೊಸ ಲೇಬಲ್ ಬೇಡ. ಸ್ವಿಚ್ಚು, ಟೇಪು, ಪೇಂಟ್ ಡಬ್ಬಿಗಳ ಮೇಲಿರುವ 13 ಅಂಕಿಯ ಇಎಎನ್ ಸಂಖ್ಯೆಯನ್ನೇ ನಿಮ್ಮ ಪಟ್ಟಿಯಲ್ಲಿ ಕೋಡ್ ಆಗಿ ಇಟ್ಟುಕೊಳ್ಳಿ. ಬಾರ್‌ಕೋಡ್ ಇಲ್ಲದ ಎಲ್ಬೋ, ಟೀ, ಬೋಲ್ಟು, ಕ್ಲಾಂಪುಗಳಿಗೆ ಮಾತ್ರ ನಿಮ್ಮದೇ ಲೇಬಲ್ ಮಾಡಿ, ಮತ್ತು ಅದು ಕ್ಯೂಆರ್ ಆಗಿರಲಿ. ಫೋನನ್ನು ಯಾವ ಕಡೆಯಿಂದ ಹಿಡಿದರೂ ಕ್ಯೂಆರ್ ಓದುತ್ತದೆ, ಒಂದು ಮೂಲೆ ಸ್ವಲ್ಪ ಕೊಳೆಯಾದರೂ ಓದುತ್ತದೆ. ಉದ್ದ ಗೆರೆಯ ಬಾರ್‌ಕೋಡ್ ಚಿಕ್ಕ ಸ್ಟಿಕ್ಕರಿನಲ್ಲಿ ಬಂದರೆ ಗೆರೆಗಳು ಒತ್ತೊತ್ತಾಗಿ ಫೋನ್ ಕ್ಯಾಮೆರಾ ಒದ್ದಾಡುತ್ತದೆ. ಮುಂದೆ ಎಂದಾದರೂ ಕಡಿಮೆ ಬೆಲೆಯ ಲೇಸರ್ ಸ್ಕ್ಯಾನರ್ ಕೊಳ್ಳುವ ಯೋಚನೆಯಿದ್ದರೆ ಮಾತ್ರ ಕೋಡ್ 128 ಎಂಬ ಗೆರೆಯ ಬಾರ್‌ಕೋಡ್ ನೋಡಿ, ಏಕೆಂದರೆ ಅಂಥ ಸ್ಕ್ಯಾನರುಗಳು ಕ್ಯೂಆರ್ ಓದುವುದಿಲ್ಲ.

ಇನ್ನು ಮುಖ್ಯ ವಿಷಯ. ಕ್ಯೂಆರ್ ಒಳಗೆ ಒಂದು ಚಿಕ್ಕ ಸಂಖ್ಯೆಯ ಹೊರತು ಬೇರೇನೂ ಇರಬಾರದು. ಹೆಸರು, ರೇಟು, ಸೈಜು, ಶೀಟಿನ ಲಿಂಕು ಎಲ್ಲವನ್ನೂ ಒಳಗೆ ತುಂಬುವ ಆಸೆ ಬರುತ್ತದೆ. ರೇಟು ಬದಲಾದ ದಿನ ಅಷ್ಟೂ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಬೇಕಾಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಚೌಕಗಳ ಗಾತ್ರ. ಕ್ಯೂಆರ್‌ನಲ್ಲಿ ಅತಿ ಚಿಕ್ಕದು 21×21 ಚೌಕದ್ದು. ತಪ್ಪು ತಿದ್ದುವ ಮಟ್ಟವನ್ನು `M` ಎಂದಿಟ್ಟರೆ ಇದರಲ್ಲಿ 34 ಅಂಕಿಗಳವರೆಗೆ ಹಿಡಿಸುತ್ತದೆ, ಹಾಗಾಗಿ 6 ಅಂಕಿ ಆರಾಮವಾಗಿ ಕೂರುತ್ತದೆ. ಅದೇ ಮಟ್ಟದಲ್ಲಿ ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರಗಳಲ್ಲಿ ಹೆಸರು, ರೇಟು ಸೇರಿಸಿ 60 ಅಕ್ಷರ ತುಂಬಿದರೆ ಅದು 33×33 ಚೌಕಕ್ಕೆ ಏರುತ್ತದೆ. ಸ್ಟಿಕ್ಕರಿನ ಜಾಗ ಅಷ್ಟೇ ಇರುವುದರಿಂದ ಒಂದೊಂದು ಚೌಕವೂ ಸಣ್ಣದಾಗುತ್ತದೆ. ಹಳೆಯ ಫೋನು ಕೈಕೊಡುವುದು ಇಲ್ಲೇ.

ಸಂಖ್ಯೆಯನ್ನು 1ರಿಂದ ಶುರುವಾಗುವ 5 ಅಂಕಿ, ಕೊನೆಗೆ ಒಂದು ತಾಳೆ ಅಂಕಿ ಎಂದು ಮಾಡಿಕೊಳ್ಳಿ. 00427 ಎಂಬಂಥ ಸಂಖ್ಯೆ ಬೇಡ. ಶೀಟು ಮುಂದಿನ ಸೊನ್ನೆಗಳನ್ನು ತಿಂದುಹಾಕಿದರೆ ಸ್ಕ್ಯಾನ್ ಮಾಡಿದ ಕೋಡು ಪಟ್ಟಿಯಲ್ಲಿ ಸಿಗುವುದೇ ಇಲ್ಲ. ತಾಳೆ ಅಂಕಿ ಏಕೆಂದರೆ, ಸ್ಟಿಕ್ಕರ್ ಹರಿದಾಗ ಹುಡುಗರು ಸಂಖ್ಯೆಯನ್ನು ಕೈಯಲ್ಲೇ ಒತ್ತುತ್ತಾರೆ. ಆಗ ಒಂದು ಅಂಕಿ ತಪ್ಪಿದರೂ ಬೇರೆ ಮಾಲಿನ ಲೆಕ್ಕ ಕೆಡದೆ ಅಲ್ಲೇ ಸಿಕ್ಕಿಬೀಳುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿ ಎಲ್ಬೋಗೆ 10427 ಕೊಟ್ಟಿದ್ದೀರಿ ಎನ್ನೋಣ. 1, 3, 5ನೇ ಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಿ: 1+4+7 ಅಂದರೆ 12, ಮೂರರಷ್ಟು 36. ಉಳಿದ 0 ಮತ್ತು 2 ಸೇರಿಸಿದರೆ 38. ಮುಂದಿನ ಹತ್ತರ ಮಗ್ಗಿ 40, ಅದಕ್ಕೆ 2 ಕಡಿಮೆ. ಆದ್ದರಿಂದ ಕೋಡು 104272. ಖಾಲಿ ಹಾಳೆಯೊಂದರ A2ರಲ್ಲಿ 5 ಅಂಕಿಯಿದ್ದರೆ ಗೂಗಲ್ ಶೀಟ್ಸ್‌ನಲ್ಲಿ ಈ ಸೂತ್ರ ಅದನ್ನೇ ಮಾಡುತ್ತದೆ:

```
=A2&MOD(10-MOD(3*(MID(A2,1,1)+MID(A2,3,1)+MID(A2,5,1))+MID(A2,2,1)+MID(A2,4,1),10),10)
```

ಮಾಲಿನ ಬಗೆಯನ್ನು ಸಂಖ್ಯೆಯೊಳಗೇ ಅಡಗಿಸಲು ಹೋಗಬೇಡಿ, ಪೈಪಿಗೆ 1, ಬೋಲ್ಟಿಗೆ 2 ಎಂಬ ಹಾಗೆ. ಎರಡು ವರ್ಷದಲ್ಲಿ ಯಾವುದೋ ಒಂದು ಬಗೆಯ ಸಂಖ್ಯೆ ಮುಗಿದು ಕ್ರಮ ಕೆಡುತ್ತದೆ. ಬಗೆ ಎಂಬುದು ಶೀಟಿನಲ್ಲಿ ಬೇರೆ ಕಾಲಮ್ಮಾಗಿರಲಿ.

ಈಗ ಅಳತೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಲೇಬಲ್ ಪ್ರಿಂಟರುಗಳು 203 ಡಿಪಿಐನವು, ಅಂದರೆ ಒಂದು ಮಿಲಿಮೀಟರಿಗೆ 8 ಚುಕ್ಕಿ. 50×25 ಮಿ.ಮೀ. ಸ್ಟಿಕ್ಕರು ಪ್ರಿಂಟರಿನ ಲೆಕ್ಕದಲ್ಲಿ 400×200 ಚುಕ್ಕಿ. ಒಂದೊಂದು ಚೌಕಕ್ಕೂ 6 ಚುಕ್ಕಿ ಕೊಟ್ಟರೆ 21 ಚೌಕಕ್ಕೆ 126 ಚುಕ್ಕಿ, ಅಂದರೆ ಸುಮಾರು 16 ಮಿ.ಮೀ. ಸುತ್ತಲೂ ನಾಲ್ಕು ಚೌಕದಷ್ಟು, ಅಂದರೆ 24 ಚುಕ್ಕಿ, ಬಿಳಿ ಜಾಗ ಖಾಲಿ ಇರಲೇಬೇಕು. ಕೋಡ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಫೋನಿಗೆ ತಿಳಿಯುವುದು ಆ ಬಿಳಿಯಿಂದ. ಚೆಂದಕ್ಕೆಂದು ಸುತ್ತ ಬಾರ್ಡರ್ ಹಾಕುವುದು, ಅಂಗಡಿಯ ಹೆಸರನ್ನು ಕೋಡಿಗೆ ತಾಗಿಸಿ ಬರೆಯುವುದು ಇವೆರಡೂ ಸ್ಕ್ಯಾನ್ ಕೆಡಿಸುತ್ತವೆ. ಬಲಗಡೆ ಉಳಿದ ಜಾಗದಲ್ಲಿ ಸಂಖ್ಯೆ ದಪ್ಪವಾಗಿ, ಕೆಳಗೆ ಹೆಸರು. ಟಿಎಸ್‌ಸಿ ಪ್ರಿಂಟರುಗಳಿಗೆ ನೇರವಾಗಿ ಹೀಗೆ ಕಳಿಸಬಹುದು:

```
SIZE 50 mm,25 mm
GAP 2 mm,0 mm
CLS
QRCODE 30,37,M,6,A,0,"104272"
TEXT 190,40,"3",0,1,1,"104272"
TEXT 190,85,"2",0,1,1,"CPVC ELBOW 3/4"
PRINT 1,1
```

ಇದರಲ್ಲಿ `M` ಎಂದರೆ ಆ ತಪ್ಪು ತಿದ್ದುವ ಮಟ್ಟ, ಸುಮಾರು ಶೇ. 15ರಷ್ಟು ಹಾಳಾದರೂ ಓದುತ್ತದೆ. ಅದರ ಪಕ್ಕದ 6 ಒಂದು ಚೌಕದ ಚುಕ್ಕಿಗಳು. `GAP` ನಿಮ್ಮ ರೋಲಿನಲ್ಲಿ ಎರಡು ಸ್ಟಿಕ್ಕರಿನ ನಡುವಿನ ಸಂದು, ಅಳೆದು ಹಾಕಿ. ಅಂಗಡಿಯ ಹುಡುಗರಿಗೆ ಕನ್ನಡದಲ್ಲಿ ಹೆಸರು ಬೇಕೆಂದರೆ ಈ ಒಳಗಿನ ಫಾಂಟುಗಳು ಸಾಲವು. ವಿಂಡೋಸಿನಲ್ಲಿ ಲೇಬಲ್ ಸಾಫ್ಟ್‌ವೇರಿನಿಂದ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಹಾಕಿ. ಕನ್ನಡ ಹೆಸರು ಇರುವುದು ನಿಜಕ್ಕೂ ಉಪಯೋಗ: ಡಬ್ಬಿಗೆ ಬೇರೆಯದೇ ಸ್ಟಿಕ್ಕರ್ ಬಿದ್ದಿದ್ದರೆ ಸ್ಕ್ಯಾನ್ ಮಾಡದೆಯೇ ಕಣ್ಣಿಗೆ ಕಾಣುತ್ತದೆ.

ಎಲ್ಲರೂ ಎಡವುವ ಜಾಗವೊಂದಿದೆ. ಆನ್‌ಲೈನಿನಲ್ಲಿ ಕ್ಯೂಆರ್ ಚಿತ್ರ ಮಾಡಿ, ವರ್ಡ್ ಫೈಲಿಗೆ ಅಂಟಿಸಿ, ಮೂಲೆ ಹಿಡಿದು ಎಳೆದು ಸರಿಹೊಂದಿಸುವುದು. ಆಗ ಒಂದು ಚೌಕಕ್ಕೆ 5.3 ಚುಕ್ಕಿ ಎಂಬಂಥ ಲೆಕ್ಕ ಬರುತ್ತದೆ. ಪ್ರಿಂಟರಿಗೆ ಅರೆ ಚುಕ್ಕಿ ಗೊತ್ತಿಲ್ಲ, ಹಾಗಾಗಿ ಒಂದು ಸಾಲಿಗೆ 5, ಇನ್ನೊಂದಕ್ಕೆ 6 ಹಾಕುತ್ತದೆ, ಅಂಚು ಬೂದಾಗುತ್ತದೆ. ಕಣ್ಣಿಗೆ ಸರಿಯಾಗೇ ಕಾಣುವ ಕೋಡು ಕೆಲವು ಫೋನಿನಲ್ಲಿ ಓದಿ ಕೆಲವದರಲ್ಲಿ ಓದದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಪ್ರಿಂಟರಿಗೇ ಕೋಡು ಬಿಡಿಸಲು ಹೇಳುವುದು, ಮೇಲಿನ ಹಾಗೆ, ಎಲ್ಲಕ್ಕಿಂತ ಒಳ್ಳೆಯದು. ಲೇಬಲ್ ಪ್ರಿಂಟರ್ ಇಲ್ಲದೆ ಎ4 ಸ್ಟಿಕ್ಕರ್ ಹಾಳೆಯಲ್ಲಿ ಮಾಡುವುದಾದರೆ ಲೇಸರ್ ಪ್ರಿಂಟರ್ ಬಳಸಿ, ಪ್ರಿಂಟ್ ಮಾಡುವಾಗ `Fit to page` ತೆಗೆದು `Actual size` ಇಡಿ. ಇಲ್ಲದಿದ್ದರೆ ಹಾಳೆಯ ಕೆಳಗಡೆ ಬರುವಷ್ಟರಲ್ಲಿ ಕೋಡು ಸ್ಟಿಕ್ಕರಿನ ಅಂಚಿಗೆ ಸರಿದಿರುತ್ತದೆ. ಇಂಕ್‌ಜೆಟ್ ಬೇಡ, ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ.

ಪ್ರಿಂಟರಿನ ಕಪ್ಪಿನ ಮಟ್ಟವನ್ನು ಮಧ್ಯದಲ್ಲಿ ಇಟ್ಟು ಶುರುಮಾಡಿ. ಅತಿ ಹೆಚ್ಚಾದರೆ ಕಪ್ಪು ಚೌಕ ಉಬ್ಬಿ ನಡುವಿನ ಬಿಳಿ ಮುಚ್ಚಿಹೋಗುತ್ತದೆ. ಎಲ್ಲ ಸ್ಟಿಕ್ಕರಿನಲ್ಲೂ ಒಂದೇ ಜಾಗದಲ್ಲಿ ಬಿಳಿ ಗೆರೆ ಬರುತ್ತಿದ್ದರೆ ಹೆಡ್ ಮೇಲೆ ಅಂಟು ಕೂತಿದೆ. ಪ್ರಿಂಟರ್ ಆಫ್ ಮಾಡಿ, ತಣ್ಣಗಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಆಮೇಲೂ ಗೆರೆ ಹೋಗದಿದ್ದರೆ ಹೆಡ್ಡಿನ ಒಂದು ಚುಕ್ಕಿ ಸುಟ್ಟಿದೆ ಎಂದರ್ಥ. ಹೆಡ್ ಬದಲಿಸುವವರೆಗೆ ಕೋಡನ್ನು ಆ ಗೆರೆಯಿಂದ ಪಕ್ಕಕ್ಕೆ ಸರಿಸಿ ಕೆಲಸ ನಡೆಸಬಹುದು.

ಸ್ಟಿಕ್ಕರ್ ಕೊಳ್ಳುವಾಗ ಡಿಟಿ ಬೇಕಾ, ಕ್ರೋಮೋ ಬೇಕಾ ಎಂದು ಕೇಳುತ್ತಾರೆ. ಡಿಟಿಗೆ ರಿಬ್ಬನ್ ಬೇಡ, ಆದರೆ ಅದು ಬಿಸಿಗೆ ಕಪ್ಪಾಗುವ ಕಾಗದ. ಬಿಸಿಲು, ಎಣ್ಣೆ, ಥಿನ್ನರ್ ತಾಗಿದರೆ ಮಾಸುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಕ್ರೋಮೋ ಕಾಗದ ಮತ್ತು ವ್ಯಾಕ್ಸ್ ರಿಬ್ಬನ್ನೇ ಸರಿ. ಎಣ್ಣೆ ಕೈ ತಾಗುವ ಬೋಲ್ಟ್ ಡಬ್ಬಿಗಳಿಗೆ ಪಾಲಿಯೆಸ್ಟರ್ ಸ್ಟಿಕ್ಕರ್, ರೆಸಿನ್ ರಿಬ್ಬನ್ ತಗೊಳ್ಳಿ. ಸ್ಟಿಕ್ಕರ್ ಉಳಿಯಲೆಂದು ಮೇಲೆ ಹೊಳೆಯುವ ಸೆಲ್ಲೋಟೇಪ್ ಹಚ್ಚಬೇಡಿ, ಟ್ಯೂಬ್‌ಲೈಟಿನ ಪ್ರತಿಫಲನ ಕೋಡಿನ ಮೇಲೆ ಬಿದ್ದು ಕ್ಯಾಮೆರಾಕ್ಕೆ ಬರೀ ಬಿಳಿ ಕಾಣುತ್ತದೆ.

ಎಲ್ಬೋ, ಬೋಲ್ಟುಗಳಿಗೆ ಒಂದೊಂದಕ್ಕೂ ಅಂಟಿಸುವ ಅಗತ್ಯವಿಲ್ಲ. ಡಬ್ಬಿಯ ಮುಂಭಾಗಕ್ಕೆ ಒಂದು ಸಾಕು, ಸ್ಕ್ಯಾನ್ ಮಾಡಿ ಎಷ್ಟೆಂದು ಒತ್ತಿದರಾಯಿತು. ಕೋಡಿನ ಅಗಲದ ಹತ್ತರಷ್ಟು ದೂರದಿಂದ ಓದುತ್ತದೆ ಎಂಬುದು ಬಳಕೆಯ ಅಂದಾಜು. 16 ಮಿ.ಮೀ. ಕೋಡಿಗೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ. ಕೈ ಎತ್ತಿ ಸ್ಕ್ಯಾನ್ ಮಾಡುವ ಮೇಲಿನ ಗೂಡುಗಳಿಗೆ 40 ಮಿ.ಮೀ. ಕೋಡು ಬೇರೆಯಾಗಿ ಮಾಡಿ. ಪ್ಯಾಕಿನ ಮೇಲೆ ಅಂಟಿಸಬೇಕಾಗಿ ಬಂದರೆ ಎಂಆರ್‌ಪಿ, ತಯಾರಾದ ತಿಂಗಳು, ತೂಕ ಬರೆದ ಜಾಗ ಮುಚ್ಚಬೇಡಿ, ಅದು ಕಾನೂನಿಗೆ ವಿರುದ್ಧ.

ಲೆಕ್ಕದ ಶೀಟಿನಲ್ಲಿ ಎರಡು ಹಾಳೆ ಮಾಡಿ: `Items`ನಲ್ಲಿ `Code` ಎಂಬ ಶೀರ್ಷಿಕೆಯಡಿ ಕೋಡು, ಆಮೇಲೆ ಹೆಸರು, ರೇಟು, `Moves`ನಲ್ಲಿ ತಾರೀಖು, ಕೋಡು, ಎಷ್ಟು. ಬಂದರೆ ಕೂಡು, ಹೋದರೆ ಕಳೆ. ಕೋಡಿನ ಕಾಲಮ್ಮು ಎರಡರಲ್ಲೂ `Plain text` ಆಗಿರಲಿ. ಎಷ್ಟು ಮಾಲು ಉಳಿದಿದೆ ಎಂಬುದನ್ನು ಯಾರೂ ಕೈಯಲ್ಲಿ ತಿದ್ದದೆ `Items`ನಲ್ಲೇ ಸೂತ್ರದಿಂದ ಬರಿಸಿ, ಆಗ ಇಬ್ಬರು ಒಟ್ಟಿಗೆ ಮಾರಿದರೂ ಒಬ್ಬರ ಲೆಕ್ಕ ಇನ್ನೊಬ್ಬರದನ್ನು ಅಳಿಸುವುದಿಲ್ಲ:

```
=SUMIF(Moves!B:B,A2,Moves!C:C)
```

ಈ ಶೀಟಿನಿಂದ ಗೂಗಲ್‌ನ ಆಪ್‌ಶೀಟ್‌ನಲ್ಲಿ ಫೋನ್ ಆ್ಯಪ್ ಮಾಡಿ, `Moves`ನ ಕೋಡು ಕಾಲಮ್ಮಿಗೆ `Scannable` ಆನ್ ಮಾಡಿದರೆ ಫಾರ್ಮಿನಲ್ಲೇ ಸ್ಕ್ಯಾನ್ ಗುಂಡಿ ಬರುತ್ತದೆ. ಅದೇ ಕಾಲಮ್ಮಿನ `Valid If`ನಲ್ಲಿ `IN([_THIS], Items[Code])` ಹಾಕಿ. ಕೌಂಟರಿನ ಮೇಲೆ ಯುಪಿಐ ಕ್ಯೂಆರ್ ಇದ್ದೇ ಇರುತ್ತದೆ, ಅವಸರದಲ್ಲಿ ಕ್ಯಾಮೆರಾ ಅದನ್ನು ಹಿಡಿದರೂ ಈ ಸಾಲು ಒಳಗೆ ಬಿಡುವುದಿಲ್ಲ. ಕೈಯಲ್ಲಿ ಒತ್ತಿದ ತಪ್ಪು ಸಂಖ್ಯೆಯನ್ನು ತಡೆಯುವುದೂ ಇದೇ.

ಕಂಪನಿ ಬಾರ್‌ಕೋಡಿನಲ್ಲಿ ಎರಡು ಎಚ್ಚರ. ಹಳೆ ಎಂಆರ್‌ಪಿ, ಹೊಸ ಎಂಆರ್‌ಪಿ ಮಾಲಿಗೆ ಸಂಖ್ಯೆ ಒಂದೇ ಇರುವುದುಂಟು, ಆದ್ದರಿಂದ ಬಿಲ್ ಮಾಡುವಾಗ ರೇಟನ್ನು ಪ್ಯಾಕ್ ನೋಡಿಯೇ ಹಾಕಿ. ರಟ್ಟಿನ ಪೆಟ್ಟಿಗೆಯ ಮೇಲಿನ 14 ಅಂಕಿ ಬೇರೆ ಸಂಖ್ಯೆ, ಅದು ಪೂರ್ತಿ ಪೆಟ್ಟಿಗೆಯದು. ಮಾಲು ಇಳಿಸುವಾಗ ಅದನ್ನಲ್ಲ, ಒಳಗಿನ ಪ್ಯಾಕನ್ನು ಸ್ಕ್ಯಾನ್ ಮಾಡಿ.

700 ಬಗೆಯನ್ನೂ ಪ್ರಿಂಟ್ ಮಾಡುವ ಮೊದಲು 10 ಲೇಬಲ್ ಮಾತ್ರ ತೆಗೆಯಿರಿ. ಅಂಗಡಿಯಲ್ಲಿರುವ ಅತಿ ಹಳೆಯ ಫೋನಿನಲ್ಲಿ, ರಾತ್ರಿ ದೀಪದ ಬೆಳಕಿನಲ್ಲಿ, ಡಬ್ಬಿಗೆ ಅಂಟಿಸಿಯೇ ನೋಡಿ. ಒಂದೆರಡು ಸೆಕೆಂಡಿನಲ್ಲಿ ಓದದಿದ್ದರೆ ಫೋನನ್ನು ಇನ್ನೂ ಹತ್ತಿರ ಒಯ್ಯುವುದರ ಬದಲು ಸ್ವಲ್ಪ ಹಿಂದಕ್ಕೆ ಎಳೆಯಿರಿ, ತೀರ ಹತ್ತಿರದಲ್ಲಿ ಕ್ಯಾಮೆರಾಕ್ಕೆ ಫೋಕಸ್ ಸಿಗುವುದಿಲ್ಲ. ಹಿಂದೆ ಸರಿದರೂ ಓದದಿದ್ದರೆ ಚೌಕಕ್ಕೆ 7 ಚುಕ್ಕಿ ಕೊಟ್ಟು ನೋಡಿ. ಆಗ ಕೋಡು 147 ಚುಕ್ಕಿಯಾಗುತ್ತದೆ, ಬಿಳಿಗೆ ಮೇಲೂ ಕೆಳಗೂ 26 ಉಳಿಯುತ್ತದೆ, ಬೇಕಾದ್ದು 28. ಅದಕ್ಕೆ 50×25ರ ಬದಲು 50×30ರ ರೋಲು ತಗೊಂಡು, ಬಲಗಡೆಯ ಬರಹವನ್ನು 210ಕ್ಕೆ ಸರಿಸಿ.