ಸ್ಟೀಮ್ ಖಾತೆ ಅಳಿಸಿದರೆ ಕೊಂಡ ಆಟಗಳು ಏನಾಗುತ್ತವೆ?

ಪ್ರಶ್ನೆ: ನನ್ನ ಸ್ಟೀಮ್ ಖಾತೆಯನ್ನು ಪೂರ್ತಿಯಾಗಿ ಅಳಿಸಬೇಕೆಂದಿದ್ದೇನೆ. ಕೊಂಡ ಆಟಗಳನ್ನು ತಮ್ಮನ ಖಾತೆಗೆ ವರ್ಗಾಯಿಸಬಹುದೇ? ವಾಲೆಟ್‌ನಲ್ಲಿ ಸುಮಾರು 600 ರೂಪಾಯಿ ಇದೆ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಬೆಳೆಸಿದ ತೋಟ, ಸ್ನೇಹಿತರ ಪಟ್ಟಿ ಉಳಿಯುತ್ತವೆಯೇ?

ಆಟಗಳನ್ನು ವರ್ಗಾಯಿಸಲು ಆಗುವುದಿಲ್ಲ. ಸ್ಟೀಮ್‌ನ ಒಪ್ಪಂದದ ಪ್ರಕಾರ ನೀವು ಕೊಂಡಿರುವುದು ಆಟವನ್ನಲ್ಲ, ಅದನ್ನು ಆಡುವ ಪರವಾನಗಿಯನ್ನು, ಅದೂ ನಿಮ್ಮ ಒಂದು ಖಾತೆಗೆ ಮಾತ್ರ. ಖಾತೆ ಹೋದರೆ ಪರವಾನಗಿಯೂ ಹೋಯಿತು. ಹಿಂದೆ ಅಂಗಡಿಯಿಂದ ಡಬ್ಬಿಯಲ್ಲಿ ತಂದ ಆಟದ ಕೀ ಇದ್ದರೂ, ಒಮ್ಮೆ ನಿಮ್ಮ ಖಾತೆಯಲ್ಲಿ ಬಳಸಿದ್ದನ್ನು ತಮ್ಮನ ಖಾತೆಯಲ್ಲಿ ಮತ್ತೆ ಬಳಸಲಾಗದು.

ಸ್ಟೀಮ್‌ನಲ್ಲೇ ವಾಲೆಟ್‌ಗೆ ಹಾಕಿ 14 ದಿನ ದಾಟದ, ಇನ್ನೂ ಮುಟ್ಟದ ಹಣವನ್ನು ಬಿಟ್ಟರೆ, ವಾಲೆಟ್‌ನ ಹಣವನ್ನು ಹಿಂಪಡೆಯುವ ದಾರಿಯೂ ಇಲ್ಲ. ಆದರೆ ಖರ್ಚು ಮಾಡಬಹುದಲ್ಲ? ತಮ್ಮನನ್ನು ಸ್ಟೀಮ್‌ನಲ್ಲಿ ಸ್ನೇಹಿತನಾಗಿ ಸೇರಿಸಿಕೊಂಡು, ಆ 600 ರೂಪಾಯಿಗೆ ಅವನಿಗೆ ಬೇಕಾದ ಆಟವನ್ನು ಉಡುಗೊರೆಯಾಗಿ ಕಳುಹಿಸಿ. ಅವನು ಸ್ವೀಕರಿಸಿದ ಮೇಲೆ ಅದು ಅವನ ಖಾತೆಯ ಸೊತ್ತು. ಈ ಕೆಲಸವನ್ನು ಅಳಿಸುವ ಅರ್ಜಿ ಹಾಕುವುದಕ್ಕೆ ಮೊದಲೇ ಮುಗಿಸಿಕೊಳ್ಳಿ. ಇನ್ವೆಂಟರಿಯಲ್ಲಿ ವಿನಿಮಯಕ್ಕೆ ಒಪ್ಪುವ ವಸ್ತುಗಳಿದ್ದರೆ ಅವನ್ನೂ ಆಗಲೇ ಕೊಟ್ಟುಬಿಡಿ. ಮೊಬೈಲ್ ಅಥೆಂಟಿಕೇಟರ್ ಇಲ್ಲದಿದ್ದರೆ ವಿನಿಮಯವನ್ನು ಸ್ಟೀಮ್ 15 ದಿನಗಳವರೆಗೆ ತಡೆಹಿಡಿಯುತ್ತದೆ ಎಂಬುದು ಲೆಕ್ಕದಲ್ಲಿರಲಿ.

ನಿಮ್ಮ ತೋಟವನ್ನು ಮಾತ್ರ ಖಂಡಿತ ಉಳಿಸಿಕೊಳ್ಳಬಹುದು. ಸ್ಟಾರ್‌ಡ್ಯೂ ತನ್ನ ಪ್ರಗತಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಬರೆದಿಡುತ್ತದೆ. ಸ್ಟೀಮ್ ಕ್ಲೌಡ್‌ನಲ್ಲಿರುವುದು ಅದರ ಪ್ರತಿ. ವಿಂಡೋಸ್‌ನಲ್ಲಿ ಈ ವಿಳಾಸವನ್ನು ತೆರೆಯಿರಿ:

```
%appdata%\StardewValley\Saves
```

ಒಳಗೆ ನಿಮ್ಮ ಪಾತ್ರದ ಹೆಸರು ಮತ್ತು ಒಂದು ಉದ್ದನೆಯ ಸಂಖ್ಯೆ ಇರುವ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ನಕಲಿಸಿ. ಮುಂದೆ ತಮ್ಮ ಈ ಆಟವನ್ನು ಕೊಂಡರೆ ಅವನ ಕಂಪ್ಯೂಟರಿನ ಅದೇ ಜಾಗದಲ್ಲಿ ಇಟ್ಟರೆ ಸಾಕು, ತೋಟ ಇದ್ದ ಹಾಗೆಯೇ ತೆರೆದುಕೊಳ್ಳುತ್ತದೆ. ಉಳಿದ ಆಟಗಳ ಕ್ಲೌಡ್ ಕಡತಗಳನ್ನು store.steampowered.com/account/remotestorage ಪುಟದಿಂದ ಇಳಿಸಿಕೊಳ್ಳಬಹುದು. ಎಲ್ಲವೂ ಇಷ್ಟು ಸಲೀಸಲ್ಲ. ಕೆಲವು ಆಟಗಳು ಸೇವ್ ಕಡತವನ್ನು ಸ್ಟೀಮ್ ಗುರುತಿನ ಸಂಖ್ಯೆಗೆ ಕಟ್ಟಿಹಾಕಿರುತ್ತವೆ; ಬೇರೆ ಖಾತೆಯಲ್ಲಿ ಅವು ತೆರೆಯುವುದಿಲ್ಲ. ಯೂಬಿಸಾಫ್ಟ್, ಇಎ ಮುಂತಾದವರ ಖಾತೆಗಳು ಬೇರೆಯೇ. ಸ್ಟೀಮ್ ಖಾತೆ ಅಳಿದರೂ ಅವು ಅಲ್ಲೇ ಇರುತ್ತವೆ, ಬೇಡವಾದರೆ ಅವನ್ನು ಪ್ರತ್ಯೇಕವಾಗಿ ಅಳಿಸಬೇಕು.

ಸ್ನೇಹಿತರ ಪಟ್ಟಿ ಹೋಗುತ್ತದೆ. ಬೇಕಾದವರ ಫೋನ್ ಸಂಖ್ಯೆಯನ್ನು ಈಗಲೇ ಕೇಳಿಟ್ಟುಕೊಳ್ಳಿ.

ಅರ್ಜಿಯನ್ನು ಸ್ಟೀಮ್ ಸಪೋರ್ಟ್ ಮೂಲಕವೇ ಹಾಕಬೇಕು. ಖಾತೆ ನಿಮ್ಮದೇ ಎಂಬುದಕ್ಕೆ ಅವರು ಪುರಾವೆ ಕೇಳುತ್ತಾರೆ. ಆಮೇಲೆ 30 ದಿನಗಳ ಕಾಯುವ ಅವಧಿ ಇರುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ರದ್ದುಪಡಿಸಬಹುದು. ಅದು ಮುಗಿದ ಮೇಲೆ ಯಾರನ್ನು ಬೇಡಿದರೂ ಖಾತೆ ಮರಳಿ ಬರುವುದಿಲ್ಲ. ನಿಮ್ಮ ತೊಂದರೆ ಒಂದೆರಡು ಆಟಗಳ ಗೀಳು ಮಾತ್ರವಾಗಿದ್ದರೆ, ಆ ಆಟಗಳನ್ನಷ್ಟೇ ಖಾತೆಯಿಂದ ಶಾಶ್ವತವಾಗಿ ತೆಗೆದುಹಾಕುವ ಆಯ್ಕೆಯೂ ಸಪೋರ್ಟ್ ಪುಟದಲ್ಲಿದೆ. ನಾನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ.