ಚಿಕ್ಕಪ್ಪನ ಕಥೆ ಕೊನೆಯ ಪ್ಯಾರಾದಲ್ಲಿ ಯಾಕೆ ಅಡಗಿದೆ?

*"ಮೇಡಂ, ತಿಪಟೂರಿನಿಂದ ಬರೆಯುತ್ತಿದ್ದೇನೆ. ಥೆರಪ್ಯೂಟಿಕ್ ಇಂಡೆಕ್ಸ್ ಬಗ್ಗೆ ಲೇಖನ ಕಳಿಸಿದ್ದೇನೆ. ಇಂಡೆಕ್ಸ್ 10 ಅಂದರೆ ಹತ್ತು ಪಟ್ಟು ತಗೊಂಡರೂ ಅಪಾಯವಿಲ್ಲ ಎಂದು ಸರಳ ಮಾಡಿ ಹೇಳಿದ್ದೇನೆ. ಫಿಟ್ಸ್‌ ಇರುವ ನಮ್ಮ ಚಿಕ್ಕಪ್ಪನ ಒಂದು ಘಟನೆಯನ್ನೂ ಕೊನೆಗೆ ಸೇರಿಸಿದ್ದೇನೆ. ಪ್ರಕಟಿಸಬಹುದೇ?"*

ಈಗಿರುವ ರೂಪದಲ್ಲಿ ಆಗುವುದಿಲ್ಲ. ನೀವು ಸರಳ ಮಾಡಿದ ಆ ವಾಕ್ಯವೇ ತಪ್ಪು, ಅದನ್ನು ನಂಬಿದ ಓದುಗರಿಗೆ ತೊಂದರೆಯಾಗಬಹುದು.

ಥೆರಪ್ಯೂಟಿಕ್ ಇಂಡೆಕ್ಸ್ ಅಂದರೆ TD50/ED50, ಈ ಲೆಕ್ಕದಲ್ಲಿ ಎರಡೂ ಕಡೆ ಇರುವುದು ನಡುವಿನ ಮನುಷ್ಯ. ಅರ್ಧದಷ್ಟು ಜನರಿಗೆ ಗುಣ ಕೊಡುವ ಪ್ರಮಾಣ ED50 ಕೆಳಗೆ, ಅರ್ಧದಷ್ಟು ಜನರಿಗೆ ವಿಷವಾಗುವ ಪ್ರಮಾಣ TD50 ಮೇಲೆ. ಹತ್ತು ಪಟ್ಟು ಕೊಟ್ಟರೆ ಅರ್ಧ ಜನ ಆಗಲೇ ಹಾಸಿಗೆ ಹಿಡಿದಿರುತ್ತಾರೆ. ಔಷಧ ಸುಲಭಕ್ಕೆ ನಾಟದವರು, ವಿಷ ಬಹಳ ಬೇಗ ತಾಗುವವರು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅವರಿಗಾಗಿಯೇ TD1/ED99 ಎಂಬ ಸುರಕ್ಷತಾ ಅಂತರವನ್ನು ನೋಡುವುದು: ನೂರರಲ್ಲಿ ಒಬ್ಬರಿಗೆ ಕೆಡುಕಾಗುವ ಪ್ರಮಾಣವನ್ನು, ತೊಂಬತ್ತೊಂಬತ್ತು ಜನರಿಗೆ ಗುಣವಾಗುವ ಪ್ರಮಾಣದಿಂದ ಭಾಗಿಸುವುದು. ಅದು ಒಂದಕ್ಕಿಂತ ಕಡಿಮೆ ಬಂದರೆ, ಎಲ್ಲರಿಗೂ ಗುಣವಾಗುವಷ್ಟು ಕೊಡುವ ಹೊತ್ತಿಗೆ ಕೆಲವರಿಗೆ ವಿಷವಾಗಿರುತ್ತದೆ. ಇದನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ. ನಿಮ್ಮ ಮೂರು ಪುಟ ವ್ಯಾಖ್ಯಾನ ಬೇಡ.

ನಿಮ್ಮ ನಿಜವಾದ ಲೇಖನ ಇರುವುದು ಚಿಕ್ಕಪ್ಪನ ಹತ್ತಿರ. ಅವರು ದಿನಕ್ಕೆ 300 ಮಿಲಿಗ್ರಾಂ ಫೆನಿಟಾಯಿನ್ ತಗೊಳ್ಳುತ್ತಿದ್ದರು, ಫಿಟ್ಸ್ ನಿಲ್ಲಲಿಲ್ಲ, 400ಕ್ಕೆ ಏರಿಸಿದರು, ಕೆಲವು ವಾರದಲ್ಲಿ ತೂರಾಡತೊಡಗಿದರು, ಊರವರು ಕುಡಿದಿದ್ದಾರೆ ಅಂದರು. ಇಷ್ಟನ್ನು ನೀವು ನಾಲ್ಕು ಸಾಲಲ್ಲಿ ಮುಗಿಸಿ "ಆದ್ದರಿಂದ ಎಚ್ಚರ ಅಗತ್ಯ" ಎಂದು ಕೈತೊಳೆದುಕೊಂಡಿದ್ದೀರಿ. ಮೂರರಲ್ಲಿ ಒಂದು ಪಾಲು ಏರಿಸಿದ್ದಕ್ಕೆ ಮನುಷ್ಯ ಹಾಗೇಕಾದ ಎಂದು ಓದುಗ ಕೇಳುತ್ತಾನೆ. ಉತ್ತರ ಎಲ್ಲಿ?

ಉತ್ತರ ಲಿವರ್‌ನಲ್ಲಿದೆ. ಫೆನಿಟಾಯಿನ್ ಕರಗಿಸುವ ಕಿಣ್ವಗಳು ನಿಮ್ಮೂರಿನ ಕೊಬ್ಬರಿ ಮಾರುಕಟ್ಟೆಯ ಹಮಾಲರಂತೆ: ದಿನಕ್ಕೆ ಇಳಿಸಬಲ್ಲ ಚೀಲಕ್ಕೊಂದು ಮಿತಿಯುಂಟು, ಅದಕ್ಕಿಂತ ಹೆಚ್ಚು ಲಾರಿ ಬಂದರೆ ಸರಕು ಬೀದಿಯಲ್ಲೇ ನಿಲ್ಲುತ್ತದೆ. ದಿನಕ್ಕೆ ಹೆಚ್ಚೆಂದರೆ 450 ಮಿಲಿಗ್ರಾಂ ಕರಗಿಸಬಲ್ಲ ಒಂದು ಲಿವರ್ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಕಿಣ್ವಗಳು ತಮ್ಮ ಮಿತಿಯ ಅರ್ಧದಷ್ಟು ಕೆಲಸ ಮಾಡುವಾಗ ರಕ್ತದಲ್ಲಿರುವ ಔಷಧದ ಮಟ್ಟವೇ Km, ಅದನ್ನು ಮಿಲಿಲೀಟರಿಗೆ 4 ಮೈಕ್ರೋಗ್ರಾಂ ಎಂದು ಹಿಡಿಯೋಣ.

```
ಮಟ್ಟ = Km × ಡೋಸ್ / (450 − ಡೋಸ್)
```

300 ಕೊಟ್ಟರೆ ರಕ್ತದಲ್ಲಿ ಮಿಲಿಲೀಟರಿಗೆ 8 ಮೈಕ್ರೋಗ್ರಾಂ. 350 ಕೊಟ್ಟರೆ 14. 400 ಕೊಟ್ಟರೆ 32. ಸಾಮಾನ್ಯವಾಗಿ ಬೇಕಾದದ್ದು 10ರಿಂದ 20ರ ನಡುವೆ. ಒಂದೇ ಅಳತೆಯ ಎರಡು ಮೆಟ್ಟಿಲು, ಮೊದಲನೆಯದು ಗುಣಕ್ಕೆ ತಂದು ನಿಲ್ಲಿಸಿತು, ಎರಡನೆಯದು ವಿಷಕ್ಕೆ ದೂಡಿತು. ವೈದ್ಯರು ಈ ಹಂತದಲ್ಲಿ 25 ಅಥವಾ 50 ಮಿಲಿಗ್ರಾಂ ಮಾತ್ರ ಏರಿಸುವುದು ಇದಕ್ಕೇ. ಇನ್ನೊಬ್ಬರ ಲಿವರ್‌ಗೆ ಮಿತಿ ಬೇರೆ. ಅದೇ 400 ಅವರಿಗೆ ಸರಿಹೋಗಬಹುದು. ಮಾತ್ರೆ ಎಣಿಸಿ ಮಟ್ಟ ಹೇಳಲಾಗದು ಎಂಬುದನ್ನು ಈ ಲೆಕ್ಕ ತೋರಿಸಿಕೊಡುತ್ತದೆ. ಲೇಖನದ ಬೆನ್ನೆಲುಬು ಇದಾಗಲಿ.

"ಕೆಲವು ವಾರದಲ್ಲಿ" ಎಂದು ಬರೆದಿರಲ್ಲ, ಆ ಪದವನ್ನೂ ಬಿಡಿಸಿ. ಹೊಸ ಡೋಸ್‌ಗೆ ರಕ್ತದ ಮಟ್ಟ ನೆಲೆ ನಿಲ್ಲಲು ಎರಡು ಮೂರು ವಾರ, ಮಿತಿಯ ಹತ್ತಿರ ಹೋದರೆ ಇನ್ನೂ ಹೆಚ್ಚು ಬೇಕು. ಮೂರನೇ ದಿನ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಿದೆ ಎನ್ನುವ ರಿಪೋರ್ಟು ಬರಬಹುದು, ಮಟ್ಟ ಮಾತ್ರ ಏರುತ್ತಲೇ ಇರುತ್ತದೆ. ರಕ್ತ ತೆಗೆಸುವುದು ಮುಂದಿನ ಮಾತ್ರೆಗೆ ಮೊದಲು.

ರಕ್ತ ಪರೀಕ್ಷೆಗೂ ಮುಂಚೆ ಮನೆಯವರ ಕಣ್ಣಿಗೆ ಬೀಳುವುದನ್ನು ಬರೆಯಿರಿ, ನಿಮ್ಮ ಓದುಗರಿಗೆ ಅದೇ ಹೆಚ್ಚು ಉಪಯೋಗ. ಮಟ್ಟ 20 ದಾಟುತ್ತಿದ್ದಂತೆ ಪಕ್ಕಕ್ಕೆ ನೋಡಿದಾಗ ಕಣ್ಣುಗುಡ್ಡೆ ಅದುರತೊಡಗುತ್ತದೆ. 30ರ ಆಸುಪಾಸಿನಲ್ಲಿ ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ. 40 ದಾಟಿದರೆ ಮಂಪರು, ಗೊಂದಲ. ಎಲ್ಲರಿಗೂ ಇದೇ ಅಂಕಿಗೆ ಬರಬೇಕೆಂದಿಲ್ಲ, ಆದರೆ ಈ ಕ್ರಮ ಬಹುಮಟ್ಟಿಗೆ ಹೀಗೇ. ಕುಡಿದವನೆಂದು ಊರು ತಿಳಿದುಕೊಂಡದ್ದಕ್ಕೆ ಕಾರಣ ಈಗ ಓದುಗನಿಗೆ ಹೊಳೆಯುತ್ತದೆ.

ಡೋಸ್ ಬದಲಾಗದೆಯೂ ಹೀಗಾಗಬಹುದು ಎಂಬುದು ನಿಮ್ಮಲ್ಲಿ ಪೂರ್ತಿ ಬಿಟ್ಟುಹೋಗಿದೆ. ಟಿಬಿಗೆ ಕೊಡುವ ಐಸೋನಿಯಜಿಡ್ ಇದೇ ಕಿಣ್ವಗಳ ಕೈ ಕಟ್ಟುತ್ತದೆ, ಫೆನಿಟಾಯಿನ್ ಮಟ್ಟ ಏರುತ್ತದೆ. ಜೊತೆಗೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸುವ ಕಡೆ ಎಳೆಯುತ್ತದೆ. ಯಾವುದು ಗೆಲ್ಲುತ್ತದೆ ಎಂದು ರಕ್ತ ನೋಡಿಯೇ ಹೇಳಬೇಕು. ಫಿಟ್ಸ್‌ ಮಾತ್ರೆ ತಗೊಳ್ಳುವವರು ಟಿಬಿ ಚಿಕಿತ್ಸೆ ಶುರುಮಾಡುವಾಗಲೂ ಮುಗಿಸುವಾಗಲೂ ಇದನ್ನು ವೈದ್ಯರಿಗೆ ಹೇಳಬೇಕು.

"ಇಂಥ ಅಪಾಯಕಾರಿ ಔಷಧಗಳನ್ನು ದೂರವಿಡಿ" ಎಂಬ ನಿಮ್ಮ ಕೊನೆಯ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಅದನ್ನೋದಿ ಯಾರಾದರೂ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ತೂರಾಟ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಿ ಮಟ್ಟ ನೋಡಿಸಬೇಕು, ಡೋಸ್ ಇಳಿಸುವುದು ಅವರ ಕೆಲಸ ಎಂದು ಬರೆಯಿರಿ.

ಚಿಕ್ಕಪ್ಪನ ಒಪ್ಪಿಗೆ ಕೇಳಿ, ಹೆಸರು ಹಾಕಬೇಡಿ. ಅವರ ಹಳೆಯ ರಿಪೋರ್ಟುಗಳಿದ್ದರೆ ರಕ್ತ ತೆಗೆದ ದಿನಾಂಕ, ಡೋಸ್ ಬದಲಾದ ದಿನಾಂಕ ಎರಡನ್ನೂ ಹೋಲಿಸಿ, ತಿದ್ದಿದ ಪ್ರತಿ ಕಳಿಸಿ.