ಮೂರನೇ ಹಾಸಿಗೆ ಎಲ್ಲಿದೆ ಅಂತ ಮೊದಲು ಕೇಳಿ

ಪ್ರಶ್ನೆ: ನಾನು, ನನ್ನ ಹೆಂಡತಿ, ಅಮ್ಮ (68 ವರ್ಷ, ಮಂಡಿನೋವಿದೆ) ಡಿಸೆಂಬರ್‌ನಲ್ಲಿ ಮೊದಲ ಸಲ ಕ್ರೂಸ್‌ಗೆ ಹೋಗುವವರಿದ್ದೇವೆ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್, 4 ರಾತ್ರಿ. ಏಜೆಂಟರು ‘ಎಲ್ಲಾ ಸೇರಿದೆ’ ಅಂತಾರೆ. ಬಾಲ್ಕನಿ ಕ್ಯಾಬಿನ್ನೇ ಬೇಕಾ? ಊರು ಸುತ್ತಲು ಹಡಗಿನವರ ಟೂರ್ ತಗೊಳ್ಳಬೇಕಾ?
— ಓದುಗರು, ತುಮಕೂರು

ಉತ್ತರ: ಬಾಲ್ಕನಿ ವಿಷಯ ಆಮೇಲೆ. ಮೂವರಿಗೂ ಒಂದೇ ಕ್ಯಾಬಿನ್ ಅಂತಿದ್ದರೆ ಮೂರನೆಯವರು ಎಲ್ಲಿ ಮಲಗುತ್ತಾರೆ ಅಂತ ಮೊದಲು ಕೇಳಿ. ಮೂರನೆಯವರಿಗೆ ರೇಟು ಕಡಿಮೆ ಅಂತ ಹೇಳಿರುತ್ತಾರಲ್ಲ, ಎಷ್ಟೋ ಹಡಗುಗಳಲ್ಲಿ ಆ ಹಾಸಿಗೆ ನಮ್ಮ ರೈಲಿನ ಅಪ್ಪರ್ ಬರ್ತ್ ಥರ ಗೋಡೆಯಿಂದ ಕೆಳಗಿಳಿಯುತ್ತದೆ, ಏಣಿ ಹತ್ತಬೇಕು. ಅಮ್ಮ ಕೆಳಗೆ ಮಲಗಿದರೆ ನಿಮ್ಮಿಬ್ಬರಲ್ಲಿ ಒಬ್ಬರು ಮೇಲೆ ಹತ್ತಬೇಕಾಗುತ್ತದೆ. ಸೋಫಾ ಬೆಡ್ ಇರುವ ಕ್ಯಾಬಿನ್ ಸಿಗುತ್ತದಾ ಕೇಳಿ, ಸಿಕ್ಕರೆ ಅದನ್ನೇ ಹಿಡಿಯಿರಿ.

ಇನ್ನು ಜಾಗ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ ಅಲುಗಾಟ ಕಡಿಮೆ. ಅದೂ ಅಲ್ಲದೆ ಮಲಕ್ಕಾ ಜಲಸಂಧಿಗೆ ಒಂದು ಕಡೆ ಸುಮಾತ್ರಾ ಅಡ್ಡ ಇದೆ, ಸಾಮಾನ್ಯವಾಗಿ ಸಮುದ್ರ ಶಾಂತ. ನಿಮಗೆ ಅಲುಗಾಟಕ್ಕಿಂತ ನಡಿಗೆಯೇ ಕಷ್ಟ, ಹಡಗಿನ ಕಾರಿಡಾರ್‌ಗಳು ಅಷ್ಟು ಉದ್ದ. ಹಾಗಾಗಿ ಲಿಫ್ಟ್ ಹತ್ತಿರದ ಕ್ಯಾಬಿನ್ ನೋಡಿ, ಆದರೆ ಲಿಫ್ಟ್ ಬಾಗಿಲಿಗೇ ಅಂಟಿಕೊಂಡಿರುವುದು ಬೇಡ, ರಾತ್ರಿಯಿಡೀ ಜನರ ಮಾತು ಕೇಳಿಸುತ್ತದೆ. ಡೆಕ್ ಪ್ಲಾನ್ ತೆಗೆದು ನಿಮ್ಮ ಕ್ಯಾಬಿನ್ನಿನ ಮೇಲೂ ಕೆಳಗೂ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇದ್ದರೆ ಒಳ್ಳೆಯದು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು ಶುರು. ‘ಗ್ಯಾರಂಟಿ ಕ್ಯಾಬಿನ್’ ಅಂತ ಅಗ್ಗಕ್ಕೆ ಕೊಟ್ಟರೆ ಮೋಸ ಹೋಗಬೇಡಿ, ಅಲ್ಲಿ ಗ್ಯಾರಂಟಿ ಇರುವುದು ದರ್ಜೆಗೆ ಮಾತ್ರ, ಜಾಗ ಆರಿಸುವವರು ಅವರು.

ಬಾಲ್ಕನಿ? 4 ರಾತ್ರಿಗೆ, ಅದರಲ್ಲೂ ಎರಡು ಹಗಲು ನೀವು ದಡದಲ್ಲೇ ಇರುವಾಗ, ನಾನಾದರೆ ಕೊಡುವುದಿಲ್ಲ. ಹಾಗಂತ ಕಿಟಕಿಯೇ ಇಲ್ಲದ ಒಳಗಿನ ಕ್ಯಾಬಿನ್ನೂ ಬೇಡ. ದೀಪ ಆರಿಸಿದರೆ ಮಧ್ಯಾಹ್ನವೂ ಕಗ್ಗತ್ತಲು, ವಯಸ್ಸಾದವರಿಗೆ ಹಿಂಸೆ. ಕಿಟಕಿ ಇರುವುದು ಸಾಕು. ಕಿಟಕಿಗೆ ಲೈಫ್‌ಬೋಟ್ ಅಡ್ಡ ಇದೆಯಾ ಅಂತ ಮಾತ್ರ ಕೇಳಿಕೊಳ್ಳಿ.

‘ಎಲ್ಲಾ ಸೇರಿದೆ’ ಅನ್ನುವುದು ಸಾಮಾನ್ಯವಾಗಿ ಅರ್ಧ ಸತ್ಯ. ಕ್ಯಾಬಿನ್, ಬಫೆ, ಮುಖ್ಯ ಊಟದ ಹಾಲ್, ಶೋಗಳು, ಈಜುಕೊಳ ಸೇರಿರುತ್ತವೆ. ವೈಫೈ, ಕೂಲ್‌ಡ್ರಿಂಕ್ಸ್, ಮದ್ಯ, ವಿಶೇಷ ರೆಸ್ಟೋರೆಂಟ್‌ಗಳು, ದಡದ ಟೂರ್, ಹಡಗಿನ ಡಾಕ್ಟರ್ ಹೆಚ್ಚಾಗಿ ಹೊರಗೆ. ಜನ ಬೆಚ್ಚಿ ಬೀಳುವುದು ಗ್ರಾಚ್ಯುಟಿ ನೋಡಿ. ಕೆಲಸದವರಿಗೆ ಅಂತ ತಲೆಗೆ, ದಿನಕ್ಕೆ ಇಷ್ಟು ಅಂತ ಬಿಲ್ಲಿಗೆ ತಾನಾಗಿಯೇ ಸೇರುವ ಟಿಪ್ಸ್ ಅದು. ದಿನಕ್ಕೆ 16 ಡಾಲರ್ ಅಂದುಕೊಳ್ಳಿ, ಮೂವರಿಗೆ 4 ರಾತ್ರಿಗೆ 192 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೂ 17,280 ಆಯಿತು. ಇದು ಮತ್ತು ಬಂದರು ಶುಲ್ಕ ಎರಡೂ ನೀವು ಕೊಟ್ಟ ದುಡ್ಡಲ್ಲೇ ಇವೆಯಾ ಅಂತ ಏಜೆಂಟರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ, ಫೋನಲ್ಲಿ ‘ಹೂಂ ಸಾರ್’ ಅಂದಿದ್ದು ಲೆಕ್ಕಕ್ಕಿಲ್ಲ. ಹಡಗು ಹತ್ತಿದ ತಕ್ಷಣ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ನಡುಸಮುದ್ರದ ನೆಟ್‌ವರ್ಕಿಗೆ ಸೇರಿಕೊಂಡರೆ ರೋಮಿಂಗ್ ಬಿಲ್ ನೋಡಿ ತಲೆ ತಿರುಗುತ್ತದೆ.

ದಡದ ವಿಷಯದಲ್ಲಿ ಎರಡು ಊರಿಗೂ ಒಂದೇ ಉತ್ತರ ಇಲ್ಲ. ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನ್ ಊರಿನ ಅಂಚಿನ ಸ್ವೆಟನ್‌ಹ್ಯಾಮ್ ಪಿಯರ್‌ಗೇ ಬಂದು ನಿಲ್ಲುತ್ತದೆ. ಟ್ಯಾಕ್ಸಿ ಹಿಡಿದರೆ ಲಿಟಲ್ ಇಂಡಿಯಾ ಕೆಲವೇ ನಿಮಿಷ. ಮಾರಿಯಮ್ಮನ ಗುಡಿ ಇದೆ, ಬಾಳೆ ಎಲೆ ಊಟ ಇದೆ. ಇಲ್ಲಿ ಟೂರ್ ತಗೊಂಡರೆ ಸುಮ್ನೆ ದಂಡ.

ಫುಕೆಟ್ ಹಾಗಲ್ಲ. ಎಷ್ಟೋ ದೊಡ್ಡ ಹಡಗುಗಳು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತವೆ. ಡಿಸೆಂಬರ್‌ನಲ್ಲಿ ಅಲ್ಲಿ ಅಲೆ ಕಡಿಮೆಯೇ, ಆದರೂ ಅಲುಗಾಡುವ ದೋಣಿಗೆ ಕಾಲಿಡಬೇಕು. ಅಮ್ಮನಿಗೆ ಆಗುತ್ತದಾ ಯೋಚಿಸಿ. ಹೋಗುವುದಾದರೆ ಹಡಗಿನವರದೇ ಟೂರ್ ತಗೊಳ್ಳಿ, ಸ್ಪೀಡ್‌ಬೋಟಿನ ದ್ವೀಪದ ಟೂರ್ ಬಿಟ್ಟು ಬಸ್ಸಿನದು. ಅವರ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನೀವೇ ಮಾಡಿಕೊಂಡ ಟ್ಯಾಕ್ಸಿಗೆ ಕಾಯುವುದಿಲ್ಲ.

ಒಂದು ಸಲ ನಾನೇ ಅಲ್ಲಿ ಸಿಕ್ಕಿಬಿದ್ದಿದ್ದೆ. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಮುಟ್ಟಿದ್ದೇ ತಡ ನನ್ನ ಫೋನ್ ತಾನಾಗಿಯೇ ಥಾಯ್ ಸಮಯಕ್ಕೆ ಬದಲಾಗಿತ್ತು, ಹಡಗು ಮಾತ್ರ ಸಿಂಗಾಪುರದ ಸಮಯದಲ್ಲೇ ಇತ್ತು. ಕೊನೆಯ ಟೆಂಡರ್ 5ಕ್ಕೆ. ಫೋನಲ್ಲಿ 3:40 ನೋಡಿ ಎಳನೀರು ಕುಡಿಯುತ್ತಾ ಕೂತಿದ್ದೆ, ಹಡಗಿನಲ್ಲಿ ಆಗಲೇ 4:40! ಪಕ್ಕದ ಮೇಜಿನ ಅಜ್ಜಿಯೊಬ್ಬರು ಎದ್ದು ಹೊರಟಿದ್ದು ನೋಡಿ ಓಡಿದೆ. ಹಡಗಿನ ಸಮಯ ಯಾವುದು ಅಂತ ಹಿಂದಿನ ರಾತ್ರಿ ಕ್ಯಾಬಿನ್ನಿಗೆ ಬರುವ ಹಾಳೆಯಲ್ಲಿ ಇರುತ್ತದೆ. ನೋಡಿಕೊಂಡು ಅಮ್ಮನ ಕೈಗೆ ಒಂದು ಹಳೇ ವಾಚು ಕಟ್ಟಿ, ಅದೇ ಸಮಯಕ್ಕೆ ತಿರುಗಿಸಿಬಿಡಿ.